ಸಂಬಳದಲ್ಲಿ ಅರ್ಧ

ಚೆನ್ನೈನಲ್ಲಿ ಕೂತು ಕನ್ನಡಕ್ಕೆ ಅನುವಾದ ಮಾಡುವ ನನಗೆ ಕತೆ ಕಾದಂಬರಿಗಿಂತ ಹೆಚ್ಚು ಬರುವುದು ಸಾಲದ ಕಾಗದಗಳು. 2024ರ ಅಕ್ಟೋಬರ್ 1ರಿಂದ ಅದು ಇನ್ನೂ ಹೆಚ್ಚಾಯಿತು. ಅಂದಿನಿಂದ ಮನೆ ಸಾಲ, ವಾಹನ ಸಾಲದಂಥ ಎಲ್ಲ ಚಿಲ್ಲರೆ ಸಾಲಗಳಿಗೂ ಸಾಲದ ಮುಖ್ಯ ವಿವರಗಳ ಪತ್ರವೊಂದನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಪತ್ರದಲ್ಲಿ ಬಡ್ಡಿ, ಶುಲ್ಕ, ಕಂತಿನ ಪಟ್ಟಿ ಎಲ್ಲ ಇರುತ್ತವೆ. ಆದರೆ ನಿಮಗೆ ಇಷ್ಟೇ ಸಾಲ ಏಕೆ ಸಿಕ್ಕಿತು ಎಂಬ ಲೆಕ್ಕ ಅದರಲ್ಲಿ ಇರುವುದಿಲ್ಲ. ಆ ಲೆಕ್ಕ ಬ್ಯಾಂಕಿನ ಒಳಗಿನದು. ನಾನು ಅದನ್ನು ನೋಡಿದ್ದು ಶಾಖೆಯ ಸಿಬ್ಬಂದಿಗೆಂದು ಬರೆದ ತರಬೇತಿ ಪುಸ್ತಿಕೆಯೊಂದು ಅನುವಾದಕ್ಕೆ ಬಂದಾಗ. ಅದರಲ್ಲಿ ಪುಟಪುಟಕ್ಕೂ ಎಫ್‌ಓಐಆರ್ ಎಂಬ ನಾಲ್ಕಕ್ಷರ. ಬಿಡಿಸಿದರೆ ಫಿಕ್ಸೆಡ್ ಆಬ್ಲಿಗೇಷನ್ ಟು ಇನ್‌ಕಮ್ ರೇಷಿಯೋ.

ಅನುಪಾತ, ಆದಾಯ ಎರಡೂ ಸುಲಭ. ತಡೆದದ್ದು ಆಬ್ಲಿಗೇಷನ್. 'ಬಾಧ್ಯತೆ' ಎಂದು ಬರೆದೆ. ಆಮೇಲೆ ಅದು 'ಬಾಧೆ'ಯ ಧಾತುವಿನಿಂದಲೇ ಬಂದ ಪದ ಎಂಬುದು ನೆನಪಾಗಿ ನಗು ಬಂತು. ನಮ್ಮ ಓಣಿಯಲ್ಲಿ ಅದಕ್ಕೆ ಕಡನ್ ಅನ್ನುತ್ತಾರೆ. ನಾವು 'ಕಡ ತಂದೆ' ಅನ್ನುವಾಗಿನ ಕಡ ಅದರ ಒಡಹುಟ್ಟು. ಆದರೆ ತಮಿಳಿನ ಕಡನ್‌ಗೆ ಸಾಲ ಎಂಬ ಅರ್ಥ ಇರುವ ಹಾಗೆಯೇ ಕರ್ತವ್ಯ ಎಂಬ ಅರ್ಥವೂ ಇದೆ. ತಾಯಿಯನ್ನು ನೋಡಿಕೊಳ್ಳುವುದೂ ಕಡನ್, ಬೈಕಿನ ಕಂತೂ ಕಡನ್. ಬ್ಯಾಂಕಿನ ಲೆಕ್ಕಕ್ಕೆ ಇವುಗಳಲ್ಲಿ ಒಂದು ಮಾತ್ರ ಬರುತ್ತದೆ. ಅದು ಯಾವುದೆಂದು ಹೇಳಬೇಕಾಗಿಲ್ಲ.

ಅದೇ ವಾರ ಗೆಳತಿಯೊಬ್ಬಳು ಫೋನ್ ಮಾಡಿದಳು. ಶಿವಮೊಗ್ಗದವಳು, ಹಳೇ ಮಹಾಬಲಿಪುರಂ ರಸ್ತೆಯ ಒಂದು ಕಂಪನಿಯಲ್ಲಿ ಕೆಲಸ. ಗಂಡ ಮಗುವನ್ನು ನೋಡಿಕೊಂಡು ಮನೆಯಲ್ಲಿರುವುದರಿಂದ ಸದ್ಯಕ್ಕೆ ಅವಳದೊಂದೇ ಸಂಬಳ. "ಮೂವತ್ತೆರಡು ಲಕ್ಷಕ್ಕೆ ಎಲಿಜಿಬಲ್ ಅಂದ್ರು ಕಣೇ. ಅಷ್ಟನ್ನ ನಾವು ಕಟ್ಟಬಹುದು ಅಂತ ತಾನೇ ಅದರರ್ಥ?" ಎಂದು ಕೇಳಿದಳು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹುಡುಕುತ್ತಾ ಹೋದಾಗ ಆ ಮೂವತ್ತೆರಡರ ಹಿಂದೆ ಒಂದು ಅರ್ಧ ಸಿಕ್ಕಿತು. ಆ ಅರ್ಧದ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಕತೆ ಸಿಕ್ಕಿತು.

ಮೊದಲು ಅವಳ ಲೆಕ್ಕ ನೋಡೋಣ. ಪಿಎಫ್, ತೆರಿಗೆ ಕಳೆದು ಅವಳ ಕೈಗೆ ಬರುವುದು ತಿಂಗಳಿಗೆ 80,000 ರೂಪಾಯಿ. ಅವಳಿಗೆ ಬ್ಯಾಂಕ್ ಹಾಕಿದ ಅನುಪಾತ ಶೇ. 50. ಅಂದರೆ ಎಲ್ಲ ಸಾಲಗಳ ಕಂತುಗಳೂ ಸೇರಿ 40,000 ದಾಟಬಾರದು. ಈಗಾಗಲೇ ಸ್ಕೂಟರ್ ಸಾಲಕ್ಕೆ 3,500, ಅಪ್ಪನ ಆಪರೇಷನ್‌ಗೆ ತೆಗೆದ ವೈಯಕ್ತಿಕ ಸಾಲಕ್ಕೆ 8,500, ಒಟ್ಟು 12,000 ಹೋಗುತ್ತಿದೆ. 40,000ದಲ್ಲಿ 12,000 ಕಳೆದರೆ 28,000. ಮನೆ ಸಾಲಕ್ಕೆ ಬ್ಯಾಂಕ್ ಒಪ್ಪುವ ಅತಿ ದೊಡ್ಡ ಕಂತು ಅದೇ.

ಕಂತಿನಿಂದ ಸಾಲದ ಮೊತ್ತಕ್ಕೆ ಹೋಗುವ ದಾರಿ ಇದು:

P = E × [1 − (1 + r)^(−n)] / r

ಇಲ್ಲಿ E ತಿಂಗಳ ಕಂತು, r ತಿಂಗಳ ಬಡ್ಡಿ ದರ, n ಒಟ್ಟು ತಿಂಗಳುಗಳು, P ಸಿಗುವ ಸಾಲ. ಸೂತ್ರ ಬೇಡವೆನ್ನುವವರಿಗೆ ಬ್ಯಾಂಕಿನವರ ಬಾಯಿಲೆಕ್ಕ ಇದೆ: ವರ್ಷಕ್ಕೆ ಶೇ. 8.5 ಬಡ್ಡಿ, 20 ವರ್ಷದ ಅವಧಿ ಎಂದಾದರೆ ಒಂದು ಲಕ್ಷಕ್ಕೆ ತಿಂಗಳ ಕಂತು 868 ರೂಪಾಯಿ. 28,000ವನ್ನು 868ರಿಂದ ಭಾಗಿಸಿದರೆ 32 ಲಕ್ಷದ 26 ಸಾವಿರದ ಹತ್ತಿರ ಬರುತ್ತದೆ. ಅವಳ ಮೂವತ್ತೆರಡು ಲಕ್ಷ ಹುಟ್ಟಿದ್ದು ಹೀಗೆ. ಕೊಳ್ಳುವ ಮನೆಯ ಬೆಲೆಯಲ್ಲಿ ಇಂತಿಷ್ಟು ಪಾಲಿಗಷ್ಟೇ ಸಾಲ ಎಂಬ ಇನ್ನೊಂದು ಮಿತಿಯೂ ಇದೆ. ಎರಡರಲ್ಲಿ ಯಾವುದು ಕಡಿಮೆಯೋ ಅದು ನಿಲ್ಲುತ್ತದೆ. ಅವಳ ವಿಷಯದಲ್ಲಿ ಮೊದಲು ಅಡ್ಡ ಬಂದದ್ದು ಸಂಬಳದ ಮಿತಿ.

ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಇಡೀ ಲೆಕ್ಕ ನಿಂತಿರುವುದು ಮೊದಲ ಸಾಲಿನ ಶೇ. 50ರ ಮೇಲೆ. ಅರ್ಧವೇ ಯಾಕೆ?

ಸಂಬಳದಾರರ ಸಾಲ ಈ ಊರಿಗೆ ಹೊಸದಲ್ಲ. 1872ರಲ್ಲಿ ಮೈಲಾಪುರದಲ್ಲಿ ಮೈಲಾಪೂರ್ ಹಿಂದೂ ಪರ್ಮನೆಂಟ್ ಫಂಡ್ ಶುರುವಾಯಿತು. ಮದ್ರಾಸಿನ 'ನಿಧಿ'ಗಳಲ್ಲಿ ಹೆಸರಾದದ್ದು ಅದು. ಹೆಸರಿನ ನಡುವಿನ 'ಪರ್ಮನೆಂಟ್' ಇಂಗ್ಲೆಂಡಿನ ಬಿಲ್ಡಿಂಗ್ ಸೊಸೈಟಿಗಳ ಮಾತು. ಅಲ್ಲಿ ಮೊದಲಿಗೆ ಕೆಲವರು ಸೇರಿ ತಿಂಗಳು ತಿಂಗಳು ಹಣ ಕೂಡಿಸಿ, ಎಲ್ಲರಿಗೂ ಮನೆಯಾದ ಮೇಲೆ ಸಂಘವನ್ನೇ ಮುಚ್ಚುತ್ತಿದ್ದರು. ಮುಚ್ಚದೆ ಹೊಸ ಸದಸ್ಯರನ್ನು ಸೇರಿಸಿಕೊಳ್ಳುತ್ತ ಹೋಗುವ ಸಂಘ ಬಂದಾಗ ಅದು ಪರ್ಮನೆಂಟ್ ಆಯಿತು. ಇಲ್ಲಿನ ನಿಧಿಗಳೂ ಸದಸ್ಯರ ಹಣವನ್ನು ಸದಸ್ಯರಿಗೇ ಸಾಲ ಕೊಡುತ್ತಿದ್ದವು. ಅವು ಕೇಳುತ್ತಿದ್ದದ್ದು ಒಡವೆ ಇದೆಯೇ, ಮನೆ ಪತ್ರ ಇದೆಯೇ ಎಂದು. ಸಾಲ ನಿಂತಿದ್ದು ಅಡವಿನ ಮೇಲೆ. ತಿಂಗಳ ಸಂಬಳದಲ್ಲಿ ಎಷ್ಟು ಭಾಗ ಕಂತಿಗೆ ಹೋದೀತು ಎಂದು ಅಳೆಯುವ ಅಗತ್ಯ ಅಡವಿಟ್ಟುಕೊಂಡು ಕೊಡುವವರಿಗೆ ಅಷ್ಟಾಗಿ ಇರಲಿಲ್ಲ.

ಅಡವಿಡಲು ಏನೂ ಇಲ್ಲದವನ ಬಳಿ ಇರುವುದು ಮುಂದಿನ ತಿಂಗಳ ಸಂಬಳ ಒಂದೇ. ಸಂಬಳದಲ್ಲಿ ಎಷ್ಟು ಸಾಲಿಗನದು, ಎಷ್ಟು ಮನೆಯದು ಎಂಬ ಪ್ರಶ್ನೆ ಕಾನೂನಿನ ಎದುರು ಬಂದದ್ದು ಅಂಥವರಿಂದ. ಬಂದದ್ದೂ ಸಾಲ ಕೊಡುವ ಹೊತ್ತಿನಲ್ಲಲ್ಲ, ತೀರದೆ ಉಳಿದ ಸಾಲವನ್ನು ವಸೂಲಿ ಮಾಡುವ ಹೊತ್ತಿನಲ್ಲಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಇದನ್ನು ಹೇಳುತ್ತದೆ. ಸಾಲಿಗ ಕೋರ್ಟಿಗೆ ಹೋಗಿ ಡಿಕ್ರಿ ತಂದರೂ ಸಾಲಗಾರನ ಎಲ್ಲವನ್ನೂ ಜಪ್ತಿ ಮಾಡುವಂತಿಲ್ಲ. ಉಡುವ ಬಟ್ಟೆ, ಅಡಿಗೆ ಪಾತ್ರೆ, ಕಸುಬುದಾರನ ಉಪಕರಣ ಮುಟ್ಟುವಂತಿಲ್ಲ. ಆ ಪಟ್ಟಿಯಲ್ಲೇ ಸರ್ಕಾರಿ ಮತ್ತು ರೈಲ್ವೆ ನೌಕರರ ಸಂಬಳವೂ ಇತ್ತು. ತೀರಾ ಸಣ್ಣ ಸಂಬಳವಾದರೆ ಪೂರ್ತಿ ಸುರಕ್ಷಿತ, ಅದಕ್ಕಿಂತ ದೊಡ್ಡದಾದರೆ ಅರ್ಧ ಸುರಕ್ಷಿತ. ಸಂಬಳದ ನಡುವೆ ಎಳೆದ ಈ ಗೆರೆ ಸಾಲಿಗನಿಗೆ ಹೇಳಿದ್ದು ಇಷ್ಟು: ನೀನು ಇಲ್ಲಿಯವರೆಗೆ ಬರಬಹುದು, ಇದರಾಚೆಗಿಲ್ಲ.

ಆ ಗೆರೆ ಸಾಲದು ಎಂದು ಹೇಳಿದ್ದು 1929ರಲ್ಲಿ ನೇಮಕವಾದ ಕಾರ್ಮಿಕ ವಿಷಯದ ರಾಯಲ್ ಆಯೋಗ. ಅಧ್ಯಕ್ಷ ಜಾನ್ ಹೆನ್ರಿ ವಿಟ್ಲಿ; ಹಾಗಾಗಿ ವಿಟ್ಲಿ ಆಯೋಗವೆಂದೇ ಹೆಸರು. 1931ರ ಅದರ ವರದಿ ಕೈಗಾರಿಕಾ ಕೇಂದ್ರಗಳ ಕಾರ್ಮಿಕರ ಸಾಲದ ಬಗ್ಗೆ ವಿವರವಾಗಿ ಬರೆಯಿತು. ಬಹುತೇಕ ಕೇಂದ್ರಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಷ್ಟು ಕುಟುಂಬಗಳು ಸಾಲದಲ್ಲಿವೆ, ಹೆಚ್ಚಿನವರ ಸಾಲ ಮೂರು ತಿಂಗಳ ಕೂಲಿಗಿಂತ ಮೇಲಿದೆ ಎಂಬುದು ಅದರ ಅಂದಾಜು. ಆಗ ಸಾಮಾನ್ಯವಾಗಿದ್ದ ಒಂದು ದರ ತಿಂಗಳಿಗೆ ರೂಪಾಯಿಗೆ ಒಂದಾಣೆ. ಕೇಳಲು ಚಿಕ್ಕದು. ರೂಪಾಯಿಗೆ ಹದಿನಾರಾಣೆ, ವರ್ಷಕ್ಕೆ ಹನ್ನೆರಡು ತಿಂಗಳು. ಲೆಕ್ಕ ಹಾಕಿದರೆ ವರ್ಷಕ್ಕೆ ಶೇ. 75.

ವರದಿಯ ಬೆನ್ನಿಗೆ ಎರಡು ಕಾನೂನುಗಳು ಬಂದವು. ಒಂದು 1936ರ ವೇತನ ಪಾವತಿ ಕಾಯ್ದೆ. ಮಾಲೀಕ ಸಂಬಳದಲ್ಲಿ ಏನೇನನ್ನು ಮುರಿದುಕೊಳ್ಳಬಹುದು ಎಂದು ಅದು ಪಟ್ಟಿ ಮಾಡಿತು, ಪಟ್ಟಿಯಲ್ಲಿಲ್ಲದ್ದನ್ನು ಮುರಿಯುವಂತಿಲ್ಲ. ಇನ್ನೊಂದು 1937ರಲ್ಲಿ ಸಿವಿಲ್ ಸಂಹಿತೆಗೆ ಮಾಡಿದ ತಿದ್ದುಪಡಿ. ಅದರ ಪ್ರಕಾರ ಸಂಬಳದ ಮೊದಲ 100 ರೂಪಾಯಿ ಮತ್ತು ಉಳಿದದ್ದರಲ್ಲಿ ಅರ್ಧ ಜಪ್ತಿಗೆ ಸಿಗುವುದಿಲ್ಲ. 160 ರೂಪಾಯಿ ಸಂಬಳದ ಗುಮಾಸ್ತನನ್ನು ಊಹಿಸಿಕೊಳ್ಳಿ. ಮೊದಲ ನೂರು ಅವನ ಮನೆಗೆ. ಮಿಕ್ಕ ಅರವತ್ತರಲ್ಲಿ ಮೂವತ್ತು ಮನೆಗೆ, ಮೂವತ್ತು ಸಾಲಿಗನಿಗೆ. ಕೇವಲ ಅರ್ಧದ ಲೆಕ್ಕವಾಗಿದ್ದರೆ ಸಾಲಿಗನಿಗೆ ಎಂಬತ್ತು ಹೋಗುತ್ತಿತ್ತು. ಇಲ್ಲಿ ಎರಡು ಬಗೆಯ ರಕ್ಷಣೆ ಒಟ್ಟಿಗೆ ಇದೆ. ನೂರು ರೂಪಾಯಿ ಎಂಬುದು ಅಕ್ಕಿ ಬೇಳೆಯ ಲೆಕ್ಕ, ಅದು ರೂಪಾಯಿಯಲ್ಲೇ ಇರಬೇಕು. ಅರ್ಧ ಎಂಬುದು ಪಾಲಿನ ಲೆಕ್ಕ. ಹೊಟ್ಟೆ ಪಾಲಿನ ಲೆಕ್ಕದಲ್ಲಿ ತುಂಬುವುದಿಲ್ಲ ಎಂದು ಈ ನಿಯಮ ಬರೆದವರಿಗೆ ಗೊತ್ತಿತ್ತು.

ವೇತನ ಪಾವತಿ ಕಾಯ್ದೆಯಲ್ಲಿ ಒಟ್ಟು ಕಡಿತಕ್ಕೆ ಮಿತಿ ಬಂದದ್ದು 1964ರ ತಿದ್ದುಪಡಿಯಿಂದ. ಸಹಕಾರ ಸಂಘದ ಸಾಲದ ಕಂತೂ ಸೇರಿದ್ದರೆ ಸಂಬಳದ ಶೇ. 75ರವರೆಗೆ ಮುರಿಯಬಹುದು, ಇಲ್ಲವಾದರೆ ಶೇ. 50. ಸಹಕಾರ ಸಂಘಕ್ಕೆ ಯಾಕೆ ಹೆಚ್ಚು? ಅದು ನೌಕರರದೇ ಸಂಘ, ಬಡ್ಡಿ ಕಡಿಮೆ, ಅಲ್ಲಿ ಸಾಲ ಸಿಗದಿದ್ದರೆ ಅವನು ಮತ್ತೆ ಬಡ್ಡಿ ವ್ಯಾಪಾರಿಯ ಬಾಗಿಲಿಗೆ ಹೋಗುತ್ತಾನೆ ಎಂಬ ನಂಬಿಕೆ ಇದರ ಹಿಂದೆ ಕಾಣುತ್ತದೆ. 2019ರ ವೇತನ ಸಂಹಿತೆಯಲ್ಲಿ ಈ ವ್ಯತ್ಯಾಸ ಹೋಗಿ ಒಟ್ಟು ಕಡಿತದ ಮಿತಿ ಶೇ. 50 ಎಂದಷ್ಟೇ ಉಳಿಯಿತು.

ಹೀಗೆ ಕೋರ್ಟಿನ ಅರ್ಧ, ಮಾಲೀಕನ ಅರ್ಧ ಎಂದು ಎರಡು ಅರ್ಧಗಳಾದವು. ಎರಡೂ ಸಂಬಳದ ಸುತ್ತ ಕಟ್ಟಿದ ಬೇಲಿಗಳು. ಮೂರನೆಯದು ಬ್ಯಾಂಕಿನ ಅರ್ಧ. ಅದು ಮೊದಲೆರಡರ ಮಗು ಎಂದು ನಾನು ಹೇಳುತ್ತಿಲ್ಲ. ಸಂಖ್ಯೆ ಒಂದೇ, ಕೆಲಸ ಬೇರೆ.

ಬ್ಯಾಂಕಿನ ಅರ್ಧಕ್ಕೆ ದಾರಿಯಾದದ್ದು ಮನೆ ಸಾಲ. 1977ರಲ್ಲಿ ಎಚ್.ಟಿ. ಪಾರೇಖ್ ಮುಂಬೈಯಲ್ಲಿ ಎಚ್‌ಡಿಎಫ್‌ಸಿ ಶುರುಮಾಡಿದಾಗ ಮಧ್ಯಮ ವರ್ಗದ ಸಂಬಳದಾರನಿಗೆ ದೀರ್ಘಾವಧಿಯ ಮನೆ ಸಾಲ ಕೊಡುವ ಖಾಸಗಿ ಸಂಸ್ಥೆ ಎಂಬುದೇ ಹೊಸತು. ಮನೆ ಅಡವಿದ್ದರೂ ಅದನ್ನು ಮಾರಿ ಹಣ ಪಡೆಯಲು ಆಗ ಕೋರ್ಟಿನಲ್ಲಿ ವರ್ಷಗಟ್ಟಲೆ ಅಲೆಯಬೇಕಿತ್ತು. ಕೋರ್ಟಿಗೆ ಹೋಗದೆ ಅಡವನ್ನು ವಶಪಡಿಸಿಕೊಳ್ಳುವ ಸರ್ಫೇಸಿ ಕಾಯ್ದೆ ಬಂದದ್ದು 2002ರಲ್ಲಿ. ಆದ್ದರಿಂದ ಸಾಲ ಕೊಡುವವನು ಗೋಡೆಗಿಂತ ಸಂಬಳ ಚೀಟಿಯನ್ನು ನಂಬಬೇಕಾಯಿತು. ಇಪ್ಪತ್ತು ವರ್ಷ ತಿಂಗಳು ತಪ್ಪದೆ ಕಂತು ಬರಬೇಕು, ಹಾಗಾದರೆ ಎಷ್ಟು ಕಂತು ಹಾಕಿದರೆ ಬರುತ್ತದೆ? ಉತ್ತರವಾಗಿ ಸಂಬಳದ ಒಂದು ಪಾಲು ಬಂದು ನಿಂತಿತು.

ಆದರೆ ಆ ಪಾಲಿನ ಲೆಕ್ಕಕ್ಕೆ ಒಂದು ಕೊರತೆ ಇತ್ತು. ಸಾಲ ಕೇಳುವವನಿಗೆ ಬೇರೆ ಎಷ್ಟು ಸಾಲ ಇದೆ ಎಂದು ತಿಳಿಯುವುದು ಹೇಗೆ? ಅವನು ಹೇಳಿದ್ದು, ಸಂಬಳ ಚೀಟಿಯ ಕಡಿತಗಳಲ್ಲಿ ಕಂಡದ್ದು, ಪಾಸ್‌ಬುಕ್ಕಿನಲ್ಲಿ ಸಿಕ್ಕಿದ್ದು, ಅಷ್ಟೇ. 2000ದಲ್ಲಿ ಸಿಬಿಲ್ ಸ್ಥಾಪನೆಯಾಗಿ, 2005ರಲ್ಲಿ ಸಾಲ ಮಾಹಿತಿ ಸಂಸ್ಥೆಗಳ ಕಾಯ್ದೆ ಬಂದು, ಬ್ಯಾಂಕುಗಳು ತಮ್ಮ ಸಾಲಗಾರರ ವಿವರವನ್ನು ಒಂದೆಡೆ ಸೇರಿಸತೊಡಗಿದ ಮೇಲೆ 'ನಿಗದಿತ ಬಾಧ್ಯತೆ' ಎಂಬ ಮಾತಿಗೆ ನಿಜವಾದ ಅರ್ಥ ಬಂತು. ಗೆಳತಿಯ ಸ್ಕೂಟರ್ ಸಾಲವನ್ನು ಅವಳು ಹೇಳಿರಲಿಲ್ಲ, ಮರೆತಿದ್ದಳು. ಬ್ಯಾಂಕಿನವರೇ ಅವಳಿಗೆ ನೆನಪಿಸಿದರು.

ಈ ಅರ್ಧ ಎಲ್ಲೆಡೆ ಅರ್ಧವೇ ಅಲ್ಲ. ಸಣ್ಣ ಸಂಬಳಕ್ಕೆ ಶೇ. 40, ದೊಡ್ಡ ಸಂಬಳಕ್ಕೆ ಶೇ. 60 ಎಂದು ಮೆಟ್ಟಿಲು ಮಾಡಿಕೊಂಡವರಿದ್ದಾರೆ. ಕೆಲವರು ಕೈಗೆ ಬರುವ ಸಂಬಳದ ಮೇಲೆ ಲೆಕ್ಕ ಹಾಕುತ್ತಾರೆ, ಕೆಲವರು ಕಡಿತಕ್ಕೆ ಮುಂಚಿನ ಒಟ್ಟು ಸಂಬಳದ ಮೇಲೆ. ಬ್ಯಾಂಕಿನಿಂದ ಬ್ಯಾಂಕಿಗೆ ಒಬ್ಬರದೇ ಅರ್ಹತೆ ಬದಲಾಗುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಮನೆ ಸಾಲಕ್ಕೆ ಈ ಅನುಪಾತ ಇಷ್ಟೇ ಇರಬೇಕು ಎಂದು ರಿಸರ್ವ್ ಬ್ಯಾಂಕ್ ಸಂಖ್ಯೆ ಕೊಟ್ಟಿಲ್ಲ. ಅದು ಸಂಖ್ಯೆ ಕೊಟ್ಟದ್ದು ಮೈಕ್ರೋಫೈನಾನ್ಸ್ ಸಾಲಕ್ಕೆ. 2022ರ ಏಪ್ರಿಲ್ 1ರಿಂದ, ವರ್ಷಕ್ಕೆ 3 ಲಕ್ಷದೊಳಗೆ ಆದಾಯ ಇರುವ ಕುಟುಂಬಕ್ಕೆ ಇಂಥ ಸಾಲ ಕೊಡುವಾಗ, ಆ ಕುಟುಂಬದ ಎಲ್ಲ ಸಾಲಗಳ ಮಾಸಿಕ ಮರುಪಾವತಿ ಸೇರಿ ತಿಂಗಳ ಆದಾಯದ ಶೇ. 50 ದಾಟಬಾರದು. ಅಲ್ಲಿಯೂ ಅರ್ಧ! ತಿಂಗಳಿಗೆ 25,000 ಬರುವ ಮನೆಯಲ್ಲಿ 12,500 ಕಂತಿಗೆ ಹೋಗಬಹುದು ಎಂದಾಯಿತು. ಉಳಿದ 12,500ರಲ್ಲಿ ನಾಲ್ಕೈದು ಜನರ ಸಂಸಾರ. 1937ರ 'ಮೊದಲ ನೂರು ರೂಪಾಯಿ'ಯಂಥದ್ದು ಇಲ್ಲಿಲ್ಲ.

ಈಗ ಒಂದು ಹೋಲಿಕೆ. ಸಿವಿಲ್ ಸಂಹಿತೆಯ ಅದೇ 60ನೇ ಕಲಂ ಇವತ್ತು ಹೇಳುವುದು ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಪಾಲು ಜಪ್ತಿಗೆ ಸಿಗದು ಎಂದು. (ಜೀವನಾಂಶದ ಡಿಕ್ರಿಗೆ ಬೇರೆ ನಿಯಮ.) ಸಾವಿರ ರೂಪಾಯಿ ಇವತ್ತು ಹೆಸರಿಗಷ್ಟೇ ಇದೆ, ಆದರೂ ಲೆಕ್ಕ ಮಾಡೋಣ. ಗೆಳತಿಯ 80,000ದಲ್ಲಿ 1,000 ಬಿಟ್ಟರೆ 79,000. ಅದರ ಮೂರನೇ ಒಂದು ಪಾಲು 26,333. ಅವಳು ಸಾಲ ತೀರಿಸದೆ ಕೋರ್ಟಿನಲ್ಲಿ ಸೋತರೂ ಅವಳ ಸಂಬಳದಿಂದ ತಿಂಗಳಿಗೆ ಕಿತ್ತುಕೊಳ್ಳಬಹುದಾದದ್ದು ಸುಮಾರು ಅಷ್ಟು. ಅವಳು ಒಪ್ಪಿ ಸಹಿ ಹಾಕಿ ಕಟ್ಟಬಹುದು ಎಂದು ಬ್ಯಾಂಕ್ ಲೆಕ್ಕ ಹಾಕಿರುವುದು 40,000. ಸೋತವಳಿಗೆ ಕಾನೂನು ಬಿಡುವುದು, ಗೆದ್ದು ಸಾಲ ಪಡೆದವಳಿಗೆ ಬ್ಯಾಂಕ್ ಬಿಡುವುದಕ್ಕಿಂತ ಹೆಚ್ಚು.

ಇದರಲ್ಲಿ ಮೋಸವೇನಿಲ್ಲ. ಎರಡು ಗೆರೆಗಳು ಬೇರೆ ಬೇರೆ ಕಡೆಯಿಂದ ಎಳೆದವು, ಅಷ್ಟೇ. ಕೋರ್ಟಿನ ಗೆರೆ ಎಳೆದದ್ದು ಮನೆಯ ಕಡೆಯಿಂದ: ಇಷ್ಟಾದರೂ ಉಳಿಯಲಿ ಎಂದು. ಬ್ಯಾಂಕಿನ ಗೆರೆ ಎಳೆದದ್ದು ಸಾಲ ಕೊಡುವವನ ಕಡೆಯಿಂದ: ಇಷ್ಟರವರೆಗೆ ಕೊಟ್ಟರೆ ಹೆಚ್ಚಿನವರು ತಪ್ಪದೆ ಕಟ್ಟುತ್ತಾರೆ ಎಂದು. 'ಅರ್ಹತೆ' ಎಂದು ನಾವು ಅನುವಾದಿಸುವ ಮಾತು ಈ ಎರಡನೆಯದರ ಹೆಸರು. ಸಾಲ ಕೊಡಲು ಅಡ್ಡಿಯಿಲ್ಲ ಎಂಬುದಷ್ಟೇ ಅದರ ಅರ್ಥ. ನಿಮ್ಮ ಕೈಲಾಗುತ್ತದೆಯೇ ಎಂಬ ಪ್ರಶ್ನೆಯನ್ನು ಅದು ಕೇಳಿಯೇ ಇಲ್ಲ. ಆದರೆ ಕನ್ನಡದಲ್ಲಿ 'ನೀನು ಅರ್ಹ' ಎಂದರೆ ಬೆನ್ನು ತಟ್ಟಿದ ಹಾಗೆ ಕೇಳುತ್ತದೆ. ಗೆಳತಿ ಸಂತೋಷಪಟ್ಟದ್ದು ಅದಕ್ಕೇ.

ಇನ್ನೆರಡು ದಿನಕ್ಕೆ ಅವಳೇ ಬಂದಳು, ಎರಡು ಸಲಹೆಗಳೊಂದಿಗೆ. ಎರಡನ್ನೂ ಸಾಲ ಕೊಡಿಸುವ ಏಜೆಂಟರು ಎಲ್ಲರಿಗೂ ಕೊಡುತ್ತಾರೆ. ಅನುಪಾತದ ಎರಡು ಕುರುಡುಗಳು ಇವುಗಳಿಂದ ಚೆನ್ನಾಗಿ ಕಾಣುತ್ತವೆ.

ಮೊದಲನೆಯದು: ಅವಧಿಯನ್ನು 30 ವರ್ಷ ಮಾಡಿ, ಸಾಲ ಹೆಚ್ಚು ಸಿಗುತ್ತದೆ. ಹೌದು, ಸಿಗುತ್ತದೆ. 30 ವರ್ಷಕ್ಕೆ ಲಕ್ಷಕ್ಕೆ ಕಂತು 769. 28,000ಕ್ಕೆ 36.4 ಲಕ್ಷ. ಕಂತು ಅದೇ, ಅನುಪಾತ ಅದೇ ಶೇ. 50, ಸಾಲ 4 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಆದರೆ 28,000ವನ್ನು 240 ತಿಂಗಳು ಕಟ್ಟಿದರೆ ಒಟ್ಟು 67.2 ಲಕ್ಷ, 360 ತಿಂಗಳು ಕಟ್ಟಿದರೆ 100.8 ಲಕ್ಷ. ಮೇಲಿನ ನಾಲ್ಕು ಲಕ್ಷಕ್ಕಾಗಿ 33 ಲಕ್ಷಕ್ಕೂ ಹೆಚ್ಚು. ಅನುಪಾತ ಒಂದು ತಿಂಗಳನ್ನು ಮಾತ್ರ ನೋಡುತ್ತದೆ, ಎಷ್ಟು ತಿಂಗಳು ಎಂದು ಕೇಳುವುದಿಲ್ಲ.

ಅಪಾಯ ಇನ್ನೊಂದಿದೆ. 36.4 ಲಕ್ಷಕ್ಕೆ ಮೊದಲ ತಿಂಗಳ ಬಡ್ಡಿಯೇ ಸುಮಾರು 25,800. 28,000ದ ಕಂತಿನಲ್ಲಿ ಅಸಲಿಗೆ ಹೋಗುವುದು 2,200 ಮಾತ್ರ. ಬದಲಾಗುವ ದರದ ಸಾಲದಲ್ಲಿ ಬಡ್ಡಿ 8.5ರಿಂದ 9.5ಕ್ಕೆ ಏರಿದರೆ ತಿಂಗಳ ಬಡ್ಡಿ 28,800 ಆಗುತ್ತದೆ. ಕಂತು ಬಡ್ಡಿಗೂ ಸಾಲದು. ಕಟ್ಟುತ್ತಾ ಹೋದಂತೆ ಸಾಲ ಬೆಳೆಯುತ್ತದೆ. ಇದು ಬರೀ ಊಹೆಯಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರೆಪೋ ದರ 4ರಿಂದ 6.5ಕ್ಕೆ ಏರಿತು. ಬ್ಯಾಂಕುಗಳು ಕಂತು ಏರಿಸುವ ಬದಲು ಅವಧಿಯನ್ನು ಎಳೆದಾಗ ಎಷ್ಟೋ ಜನರಿಗೆ ತಮ್ಮ ಸಾಲ ನಿವೃತ್ತಿಯಾಚೆಗೆ ಹೋದದ್ದು ತಡವಾಗಿ ತಿಳಿಯಿತು. 2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿ, ಮುಂದೆ ದರ ಏರಿದರೆ ಕಂತು ಅಥವಾ ಅವಧಿ ಹೆಚ್ಚಿಸಲು ಎಡೆ ಉಳಿಯುವ ಹಾಗೆ ಸಾಲ ಮಂಜೂರು ಮಾಡುವಾಗಲೇ ಮರುಪಾವತಿ ಶಕ್ತಿಯನ್ನು ಅಳೆಯಬೇಕು ಎಂದಿತು. ನಿಮ್ಮ ಸಾಲಕ್ಕೆ ಈ ಕಾಯಿಲೆ ಇದೆಯೇ ಎಂದು ತಿಳಿಯುವುದು ಸುಲಭ: ವರ್ಷದ ಲೆಕ್ಕಪತ್ರದಲ್ಲಿ ಬಾಕಿ ಅಸಲು ಕಳೆದ ವರ್ಷಕ್ಕಿಂತ ಎಷ್ಟು ಇಳಿದಿದೆ ಎಂದು ನೋಡಿ.

ಎರಡನೆಯ ಸಲಹೆ: ವೈಯಕ್ತಿಕ ಸಾಲವನ್ನು ಮುಚ್ಚಿಬಿಡಿ. ಅವಳ ಆ ಸಾಲಕ್ಕೆ ಇನ್ನು 20 ಕಂತು ಉಳಿದಿತ್ತು, ಶೇ. 14ರ ಬಡ್ಡಿ, ಬಾಕಿ ಸುಮಾರು ಒಂದೂವರೆ ಲಕ್ಷ. ಆದರೆ ಅದರ 8,500ರ ಕಂತು ಅವಳ ಅರ್ಹತೆಯಲ್ಲಿ ತಿಂದು ಹಾಕುತ್ತಿದ್ದದ್ದು 9.8 ಲಕ್ಷ! ಒಂದೂವರೆ ಲಕ್ಷ ಕಟ್ಟಿದರೆ ಸುಮಾರು ಹತ್ತು ಲಕ್ಷ ಸಾಲ ಹೆಚ್ಚು ಸಿಗುತ್ತದೆ. ಯಾಕೆಂದರೆ ಅನುಪಾತ ನೋಡುವುದು ಕಂತನ್ನು, ಬಾಕಿಯನ್ನಲ್ಲ. ಉಳಿತಾಯದಿಂದ ಮುಚ್ಚುವುದಾದರೆ ಇದು ಒಳ್ಳೆಯದೇ, ಶೇ. 14ರ ಸಾಲ ತೀರಿದ ಹಾಗಾಯಿತು. ಆದರೆ ಏಜೆಂಟ್ ಹೇಳಿದ್ದು ಅಪ್ಪನಿಂದಲೋ ಮಾವನಿಂದಲೋ ಕೈಸಾಲ ತಂದು ಮುಚ್ಚಿ ಎಂದು. ಕೈಸಾಲ ಸಿಬಿಲ್‌ನಲ್ಲಿ ಕಾಣುವುದಿಲ್ಲ, ಮನೆಯಲ್ಲಿ ಕಾಣುತ್ತದೆ. ಬ್ಯಾಂಕಿನ ಲೆಕ್ಕದಲ್ಲಿ ಬಾಧ್ಯತೆ ಕಡಿಮೆಯಾಗುತ್ತದೆ, ಅವಳ ಲೆಕ್ಕದಲ್ಲಿ ಹಾಗೇ ಇರುತ್ತದೆ.

"ಹಾಗಾದ್ರೆ ನಿಜವಾಗಿ ಎಷ್ಟು ಕಟ್ಟಬಹುದು, ಅದನ್ನ ಹೇಳು" ಅಂದಳು. ನಾವಿಬ್ಬರೂ ಕೂತು 1937ರ ಕ್ರಮದಲ್ಲಿ ಲೆಕ್ಕ ಹಾಕಿದೆವು: ಮೊದಲು ಮನೆಗೆ ಬೇಕಾದ ರೂಪಾಯಿ, ಆಮೇಲೆ ಸಾಲಿಗನಿಗೆ.

ದಿನಸಿ, ತರಕಾರಿ, ಹಾಲು 11,000. ಊರಿಗೆ ಅಪ್ಪ ಅಮ್ಮನಿಗೆ 8,000. ಮಗುವಿನ ಶಾಲೆ 7,000. ಓಡಾಟ 4,000. ವಿದ್ಯುತ್, ಬೇಸಿಗೆಯಲ್ಲಿ ಲಾರಿ ನೀರು, ಫ್ಲ್ಯಾಟಿನ ನಿರ್ವಹಣೆ ಸೇರಿ 5,000. ವಿಮೆ, ಔಷಧ 4,000. ಬಟ್ಟೆ, ಹಬ್ಬ, ಇತರೆ 4,000. ಒಟ್ಟು 43,000. ಇದಕ್ಕೆ ಈಗಿನ ಕಂತುಗಳ 12,000 ಸೇರಿಸಿದರೆ 55,000. ಈಗಿನ 18,000 ಬಾಡಿಗೆ, ಸ್ವಂತ ಮನೆಗೆ ಹೋದ ಮೇಲೆ ಇರುವುದಿಲ್ಲ. (ಕಟ್ಟುತ್ತಿರುವ ಮನೆಯಾದರೆ ಕೀಲಿಕೈ ಸಿಗುವವರೆಗೆ ಬಾಡಿಗೆಯೂ ಬಡ್ಡಿಯೂ ಒಟ್ಟಿಗೆ ಇರುತ್ತವೆ, ಅವಳು ನೋಡಿದ್ದು ಕಟ್ಟಿ ಮುಗಿದ ಮನೆ.) 80,000ದಲ್ಲಿ 55,000 ಹೋದರೆ ಉಳಿಯುವುದು 25,000. ಬ್ಯಾಂಕ್ ಹೇಳಿದ 28,000 ಇವತ್ತೇ ಮೂರು ಸಾವಿರ ಹೆಚ್ಚಾಯಿತು.

ಆ 25,000ವನ್ನೂ ಇವತ್ತಿನ ದರದಲ್ಲಿ ಅಳೆಯಬಾರದು. ದರ ಎರಡು ಅಂಕ ಏರಿ 10.5 ಆದಾಗಲೂ ಕಟ್ಟುವಂತಿರಬೇಕು. ಆ ದರದಲ್ಲಿ 20 ವರ್ಷಕ್ಕೆ ಲಕ್ಷಕ್ಕೆ ಕಂತು 998. 25,000ಕ್ಕೆ 25 ಲಕ್ಷ. 25 ಲಕ್ಷಕ್ಕೆ ಇವತ್ತಿನ ಕಂತು 21,700. ಅವಳು ತಾಳಿಕೊಳ್ಳಬಹುದಾದ ಅತಿ ದೊಡ್ಡ ಕಂತು ಇದು. ಉಳಿದ 3,300 ದರ ಏರುವ ತನಕ ಕೂಡಿಡುವ ಹಣ. ಬ್ಯಾಂಕಿನ 32 ಲಕ್ಷಕ್ಕೂ ಇದಕ್ಕೂ ಏಳು ಲಕ್ಷ ವ್ಯತ್ಯಾಸ.

ಪಟ್ಟಿಯ ಎರಡನೇ ಸಾಲಿನಲ್ಲಿ ಅವಳ ಪೆನ್ನು ನಿಂತಿತ್ತು. ಊರಿಗೆ ಕಳಿಸುವ 8,000. ಅದನ್ನು ತೆಗೆದರೆ ಬ್ಯಾಂಕಿನ ಲೆಕ್ಕ ಸರಿಹೋಗುತ್ತಿತ್ತು. ಬ್ಯಾಂಕಿನ ಭಾಷೆಯಲ್ಲಿ ಅದು ನಿಗದಿತವೂ ಅಲ್ಲ, ಬಾಧ್ಯತೆಯೂ ಅಲ್ಲ. ಬೇಕಾದರೆ ನಿಲ್ಲಿಸಬಹುದಾದ ಖರ್ಚು. ಸ್ಕೂಟರ್ ಕಂತು ಒಂದು ತಿಂಗಳು ತಪ್ಪಿದರೆ ಸಿಬಿಲ್‌ಗೆ ಹೋಗುತ್ತದೆ. ಅಮ್ಮನಿಗೆ ಹಣ ತಪ್ಪಿದರೆ ಅಮ್ಮ ಯಾರಿಗೂ ಹೇಳುವುದಿಲ್ಲ. ಅದನ್ನು ಹಾಗೇ ಬಿಟ್ಟು ಮುಂದಿನ ಸಾಲಿಗೆ ಹೋದಳು.

ಕೊನೆಗೆ ಲೆಕ್ಕದಿಂದಲೇ ಒಂದು ದಾರಿ ಸಿಕ್ಕಿತು. ವೈಯಕ್ತಿಕ ಸಾಲ ಮುಗಿಯಲು ಇನ್ನು 20 ತಿಂಗಳು. ಅದು ಮುಗಿದ ದಿನ ಉಳಿಕೆ 25,000ದಿಂದ 33,500ಕ್ಕೆ ಏರುತ್ತದೆ. 10.5ರ ದರದಲ್ಲಿ ಅಳೆದರೂ 33.5 ಲಕ್ಷ. ಬ್ಯಾಂಕ್ ಇವತ್ತು ಕೊಡುತ್ತೇನೆಂದ ಮೊತ್ತ ಆಗ ನಿಜಕ್ಕೂ ಅವಳ ಕೈಗೆ ಎಟುಕುತ್ತದೆ, ಏಜೆಂಟಿನ ಕೈಸಾಲವಿಲ್ಲದೆ, ಮೂವತ್ತು ವರ್ಷದ ಅವಧಿಯಿಲ್ಲದೆ. ಅಷ್ಟರಲ್ಲಿ ಮನೆಯ ಬೆಲೆ ಏರಬಹುದು. ಆ ಅಪಾಯ ಇದ್ದೇ ಇದೆ. ಅವಳು ಅದನ್ನು ತೂಗಿ ನೋಡಿ, ಕಾಯುತ್ತೇನೆ ಅಂದಳು. ಮಂಜೂರಾತಿ ಪತ್ರವನ್ನು ಎಲ್ಲೋ ಎತ್ತಿಟ್ಟಿದ್ದಾಳೆ.

ನನ್ನ ಅನುವಾದದಲ್ಲಿ 'ನಿಗದಿತ ಬಾಧ್ಯತೆ–ಆದಾಯ ಅನುಪಾತ' ಎಂದೇ ಬರೆದು ಕಳಿಸಿದೆ. 'ಎಲಿಜಿಬಲ್ ಅಮೌಂಟ್' ಬಂದ ಕಡೆ ಮಾತ್ರ 'ಅರ್ಹ ಮೊತ್ತ' ಎಂದಿದ್ದದ್ದನ್ನು ಅಳಿಸಿ 'ಬ್ಯಾಂಕ್ ಕೊಡಬಹುದಾದ ಗರಿಷ್ಠ ಮೊತ್ತ' ಎಂದು ಮಾಡಿದೆ. ಪದಗಳು ಎರಡರಿಂದ ನಾಲ್ಕಾದವು. ಯಾರೂ ಆಕ್ಷೇಪ ಮಾಡಲಿಲ್ಲ.